ರಿಫಂಡ್‌ಗೆ ನಿಮ್ಮ ಫೋನಿನ ಪರದೆ ಬೇಕಿಲ್ಲ

ಗುಂಡ್ಲುಪೇಟೆಯಿಂದ ಕೇರಳಕ್ಕೆ ಹೋಗುವ ರಸ್ತೆಯಲ್ಲಿ ಮದ್ದೂರು ಚೆಕ್‌ಪೋಸ್ಟ್ ದಾಟಬೇಕಾದವರಿಗೆ ಗಡಿಯಾರದ ಮೇಲೆ ಒಂದು ಕಣ್ಣು ಇದ್ದೇ ಇರುತ್ತದೆ. ಬಂಡೀಪುರದ ಕಾಡಿನೊಳಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 766ರಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ತರಕಾರಿ ಹೇರಿಕೊಂಡು ವಯನಾಡಿನ ಕಡೆ ಹೊರಟ ಗಾಡಿ 9ರೊಳಗೆ ಗೇಟು ದಾಟದಿದ್ದರೆ ಬೆಳಗಿನವರೆಗೆ ಅಲ್ಲೇ ನಿಲ್ಲಬೇಕು.

ಅಂಥ ಒಂದು ಗಾಡಿಯ ಚಾಲಕನನ್ನು ಕಣ್ಣ ಮುಂದೆ ತಂದುಕೊಳ್ಳಿ. ಇವನು ನಾನು ಕಲ್ಪಿಸಿಕೊಂಡ ವ್ಯಕ್ತಿ. ಆದರೆ ಅವನಿಗೆ ಆಗುವುದೆಲ್ಲ ದೂರುಗಳಲ್ಲಿ ಮತ್ತೆ ಮತ್ತೆ ಕಾಣಿಸುವಂಥದ್ದೇ. ಅದನ್ನು ನಮ್ಮ ರಸ್ತೆಗೆ ತಂದು ನಿಲ್ಲಿಸಿದ್ದೇನೆ, ಅಷ್ಟೆ. ಅವನು ಬಂಕಿನಲ್ಲಿ 4,200 ರೂಪಾಯಿಯ ಡೀಸೆಲ್ ಹಾಕಿಸಿ ಕ್ಯೂಆರ್ ಸ್ಕ್ಯಾನ್ ಮಾಡುತ್ತಾನೆ. ಖಾತೆಯಿಂದ ಹಣ ಹೋಗಿದೆ, ಬಂಕಿನ ಸೌಂಡ್‌ಬಾಕ್ಸ್ ಮಾತ್ರ ಮಾತಾಡಿಲ್ಲ. ‘ಬಂದಿಲ್ಲ ಕಣಣ್ಣ, ನಮ್ಮ ಕಡೆ ಏನೂ ತೋರಿಸ್ತಿಲ್ಲ’ ಎನ್ನುತ್ತಾನೆ ಬಂಕಿನ ಹುಡುಗ. ಹೊತ್ತಾಗುತ್ತಿದೆ. ಜೇಬಿನಲ್ಲಿದ್ದ ನಗದು ಕೊಟ್ಟು ಹೊರಡುತ್ತಾನೆ. ಮದ್ದೂರಿನ ಸಾಲಿನಲ್ಲಿ ನಿಂತಾಗ ಫೋನ್ ತೆಗೆದು, ತಾನು ಬಳಸುವ ಪಾವತಿ ಆ್ಯಪ್‌ನ ಹೆಸರಿನ ಮುಂದೆ ‘ಕಸ್ಟಮರ್ ಕೇರ್ ನಂಬರ್’ ಎಂದು ಸೇರಿಸಿ ಹುಡುಕುತ್ತಾನೆ.

ಇಲ್ಲಿ ಅವನನ್ನು ಒಂದು ಗಳಿಗೆ ತಡೆದು ಹೇಳಬೇಕಾದ ಮಾತಿದೆ. ಆ 4,200 ರೂಪಾಯಿ ವಾಪಸ್ ಬರಲು ಅವನು ಯಾರಿಗೂ ಫೋನ್ ಮಾಡಬೇಕಿಲ್ಲ. ಭಾರತೀಯ ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್ 20ರಂದು ಹೊರಡಿಸಿದ ಸುತ್ತೋಲೆಯಲ್ಲಿ ಇದಕ್ಕೆ ಗಡುವು ಇಟ್ಟಿದೆ. ಯುಪಿಐ ಮೂಲಕ ಅಂಗಡಿಗೋ ಬಂಕಿಗೋ ಕೊಟ್ಟ ಹಣ ನಮ್ಮ ಖಾತೆಯಿಂದ ಹೋಗಿ, ಅಲ್ಲಿಗೆ ತಲುಪಿದ ಖಾತರಿ ಸಿಗದಿದ್ದರೆ, ವ್ಯವಹಾರ ನಡೆದ ದಿನದ ನಂತರದ 5 ದಿನಗಳೊಳಗೆ ಅದು ತಾನಾಗಿಯೇ ಹಿಂದಿರುಗಬೇಕು. ಒಬ್ಬರ ಖಾತೆಯಿಂದ ಇನ್ನೊಬ್ಬರ ಖಾತೆಗೆ ಕಳಿಸಿದ ಹಣವಾದರೆ ಮರುದಿನದೊಳಗೆ. ಗಡುವು ಮೀರಿದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕು, ಅದೂ ಗ್ರಾಹಕ ಕೇಳುವವರೆಗೆ ಕಾಯದೆ. ಹಣ ಯಾವ ಖಾತೆಯಿಂದ ಹೋಯಿತೆಂಬ ಲೆಕ್ಕ ಬ್ಯಾಂಕಿನ ಬಳಿ ಇರುವುದರಿಂದ, ಹಿಂದಿರುಗಿಸಲು ಅದಕ್ಕೆ ನಮ್ಮ ಪಿನ್ ಬೇಡ, ಒಟಿಪಿ ಬೇಡ, ಕಾರ್ಡಿನ ಅಂಕಿ ಬೇಡ. ನಮ್ಮ ಫೋನು ಸ್ವಿಚ್ ಆಫ್ ಆಗಿದ್ದರೂ ರಿಫಂಡ್ ಬಂದು ಬೀಳುತ್ತದೆ.

ಈ ನಿಯಮ ಗುಂಡ್ಲುಪೇಟೆಯ ಎಷ್ಟು ಅಂಗಡಿಗಳ ಗೋಡೆಯ ಮೇಲಿದೆ? ಕ್ಯೂಆರ್ ಚೀಟಿ ಪ್ರತಿ ಟೀ ಅಂಗಡಿಗೂ ಬಂತು. ಹಣ ಸಿಕ್ಕಿಕೊಂಡರೆ 5 ದಿನ ಕಾಯಿರಿ, ತಾನಾಗಿಯೇ ಬರುತ್ತದೆ ಎಂಬ ಒಂದು ಸಾಲು ಅದರ ಜೊತೆಗೆ ಬರಲಿಲ್ಲ. ಆ ಸಾಲು ಗೊತ್ತಿಲ್ಲದವನ ಆತಂಕವೇ ವಂಚಕನಿಗೆ ಬಂಡವಾಳ.

ನಮ್ಮ ಚಾಲಕನಿಗೆ ಹುಡುಕಾಟದಲ್ಲಿ ಒಂದು ನಂಬರ್ ಸಿಗುತ್ತದೆ. ಅದು ಅಲ್ಲಿಗೆ ಬಂದದ್ದು ಹೇಗೆ? ದಾರಿಗಳು ಹಲವು. ಹುಡುಕಾಟದ ಫಲಿತಾಂಶಗಳ ಮೇಲ್ತುದಿಯಲ್ಲಿ ‘ಪ್ರಾಯೋಜಿತ’ ಎಂಬ ಚಿಕ್ಕ ಅಕ್ಷರದೊಂದಿಗೆ ಬರುವುದು ಹಣ ಕೊಟ್ಟು ಹಾಕಿಸಿದ ಜಾಹೀರಾತು. ಕಂಪನಿಯ ಹೆಸರನ್ನೇ ಇಟ್ಟುಕೊಂಡ ನಕಲಿ ಪುಟಗಳು, ಸಾಮಾಜಿಕ ಜಾಲತಾಣದ ಖಾತೆಗಳು ಇನ್ನೊಂದು ದಾರಿ. ಇವುಗಳಿಗಿಂತ ನಂಬಿಕೆ ಹುಟ್ಟಿಸುವುದು ಭೂಪಟದ ಮೇಲಿನ ವಿಳಾಸ. ಅಲ್ಲಿ ಬ್ಯಾಂಕ್ ಶಾಖೆಯ ಹೆಸರು, ಫೋಟೊ, ತೆರೆಯುವ ವೇಳೆ ಎಲ್ಲವೂ ಸರಿಯಾಗಿಯೇ ಇರುತ್ತದೆ, ಫೋನ್ ನಂಬರ್ ಮಾತ್ರ ಬೇರೆಯವರದ್ದು. ಏಕೆಂದರೆ ಆ ವಿವರಗಳಿಗೆ ತಿದ್ದುಪಡಿ ಸೂಚಿಸುವ ಸೌಲಭ್ಯ ಸಾರ್ವಜನಿಕರಿಗೂ ಇದೆ. 2018ರಲ್ಲಿ ಮಹಾರಾಷ್ಟ್ರದಲ್ಲಿ ಬ್ಯಾಂಕ್ ಆಫ್ ಇಂಡಿಯಾ ಶಾಖೆಗಳ ನಂಬರ್‌ಗಳನ್ನು ಗೂಗಲ್ ಮ್ಯಾಪ್ಸ್‌ನಲ್ಲಿ ಹೀಗೆ ಬದಲಿಸಿ ಗ್ರಾಹಕರನ್ನು ವಂಚಿಸಿದ ಬಗ್ಗೆ ಪೊಲೀಸರಿಗೆ ದೂರು ಹೋಗಿತ್ತು. ಕರೆ ಮಾಡಿದಾಗ ಪರದೆಯ ಮೇಲೆ ಕಂಪನಿಯ ಹೆಸರು ಮೂಡಿತು ಎಂಬುದೂ ಸಾಕ್ಷಿಯಲ್ಲ. ಕರೆ ಗುರುತಿಸುವ ಆ್ಯಪ್‌ಗಳಲ್ಲಿ ಬರುವ ಹೆಸರು ಬಹುಮಟ್ಟಿಗೆ ಬಳಕೆದಾರರೇ ಕೊಟ್ಟದ್ದು.

ಇನ್ನೊಂದು ಕಾರಣವನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಎಷ್ಟೋ ಕಂಪನಿಗಳಿಗೆ ಫೋನ್ ಮೂಲಕ ಸಿಗುವ ಕಸ್ಟಮರ್ ಕೇರ್ ಇರುವುದೇ ಇಲ್ಲ. 2019ರ ಡಿಸೆಂಬರ್ 1ರಂದು ಬೆಂಗಳೂರಿನ ಕೋರಮಂಗಲದ ಟೆಕಿಯೊಬ್ಬರು ಜೊಮ್ಯಾಟೊ ಆ್ಯಪ್‌ನಲ್ಲಿ ಪಿಜ್ಜಾ ತರಿಸಿದರು. ಹೊತ್ತಾದರೂ ಅದು ಬರಲಿಲ್ಲ. ಅಂತರ್ಜಾಲದಲ್ಲಿ ಸಿಕ್ಕ ನಂಬರ್‌ಗೆ ಕರೆ ಮಾಡಿದರು. ರಿಫಂಡ್ ಕೊಡುತ್ತೇವೆ, ಮೆಸೇಜಿನಲ್ಲಿ ಬರುವ ಲಿಂಕ್ ಒತ್ತಿ ಎಂದರು ಆ ಕಡೆಯವರು. ಅವರ ಖಾತೆಯಿಂದ ಹೋದದ್ದು 95,000 ರೂಪಾಯಿ, ತಾಯಿಯ ಕ್ಯಾನ್ಸರ್ ಚಿಕಿತ್ಸೆಗೆಂದು ಕೂಡಿಟ್ಟದ್ದು. ಮಡಿವಾಳ ಠಾಣೆಗೆ ದೂರು ಹೋಯಿತು. ಆ ಬಳಿಕ ಕಂಪನಿ ಹೇಳಿದ್ದು, ತಮ್ಮಲ್ಲಿ ಕಸ್ಟಮರ್ ಕೇರ್ ನಂಬರೇ ಇಲ್ಲ, ಚಾಟ್ ಮತ್ತು ಇ-ಮೇಲ್ ಮಾತ್ರ ಎಂದು. ಅದೇ ವರ್ಷ ಬೆಂಗಳೂರಿನ ಮಹಿಳೆಯೊಬ್ಬರು ಸ್ವಿಗ್ಗಿ ಗೋ ಸೇವೆಯಲ್ಲಿ ಹಳೆಯ ಫೋನೊಂದನ್ನು ಕಳಿಸಲು ಹೊರಟು, ಆನ್‌ಲೈನ್‌ನಲ್ಲಿ ಸಿಕ್ಕ ನಕಲಿ ಸಹಾಯವಾಣಿಯ ಮಾತು ಕೇಳಿ 3 ರೂಪಾಯಿ ಕಳಿಸಿದ್ದರು. ಅವರು ಕಳೆದುಕೊಂಡದ್ದೂ 95,000ವೇ.

ಸಾವಿರಾರು ಕೋಟಿ ವಹಿವಾಟು ಮಾಡುವ ಕಂಪನಿ ಫೋನೆತ್ತುವ ಒಬ್ಬ ಮನುಷ್ಯನನ್ನು ಕೂರಿಸದಿದ್ದರೆ, ಆ ಖಾಲಿ ಕುರ್ಚಿಯಲ್ಲಿ ಕಳ್ಳ ಬಂದು ಕೂರುತ್ತಾನೆ. ಚಾಟ್‌ನಲ್ಲಿ ಇಂಗ್ಲಿಷ್ ಟೈಪ್ ಮಾಡಲಾಗದ ತೆರಕಣಾಂಬಿಯ ರೈತ ಮಾತಾಡಬಲ್ಲ ದನಿಯನ್ನು ಹುಡುಕಿಕೊಂಡು ಹೋದರೆ ಅದು ಅವನ ತಪ್ಪಲ್ಲ. ತಪ್ಪು ಕಂಪನಿಯದು.

ಈಗ ಚಾಲಕನ ಕರೆಗೆ ಬರೋಣ. ಆ ಕಡೆಯ ದನಿ ಬಹಳ ವಿನಯದ್ದು. ಮೊದಲು ವ್ಯವಹಾರದ ಸಂಖ್ಯೆ ಕೇಳುತ್ತದೆ, ಬರೆದುಕೊಂಡಂತೆ ಮಾಡುತ್ತದೆ. ‘ಹೌದು ಸರ್, ನಿಮ್ಮ 4,200 ರೂಪಾಯಿ ಸರ್ವರ್‌ನಲ್ಲಿ ಸಿಕ್ಕಿಕೊಂಡಿದೆ’ ಎನ್ನುತ್ತದೆ. ಆ ಮೊತ್ತವನ್ನು ಒಂದು ನಿಮಿಷದ ಹಿಂದೆ ಹೇಳಿದವನು ಚಾಲಕನೇ. ಆದರೂ ತನ್ನ ಮಾತು ತನಗೇ ಹಿಂದಿರುಗಿ ಬಂದಾಗ ‘ಇವರಿಗೆ ಎಲ್ಲಾ ಗೊತ್ತಿದೆ’ ಅನ್ನಿಸುತ್ತದೆ. ಆಮೇಲೆ ಬರುವುದು ಒಂದು ಸೂಚನೆ. ರಿಫಂಡ್ ಫಾರ್ಮ್ ತುಂಬಲು ನಾವೇ ಸಹಾಯ ಮಾಡುತ್ತೇವೆ, ಪ್ಲೇ ಸ್ಟೋರ್‌ಗೆ ಹೋಗಿ ಸಪೋರ್ಟ್ ಆ್ಯಪ್ ಹಾಕಿಕೊಳ್ಳಿ.

ಆ ಆ್ಯಪ್ ಎನಿಡೆಸ್ಕ್ ಇರಬಹುದು, ಟೀಮ್‌ವ್ಯೂವರ್ ಕ್ವಿಕ್‌ಸಪೋರ್ಟ್ ಇರಬಹುದು. ಇವು ಕಳ್ಳರು ಮಾಡಿದ ಆ್ಯಪ್‌ಗಳಲ್ಲ. ದೂರದಲ್ಲಿರುವ ಕಂಪ್ಯೂಟರನ್ನು ಕುಳಿತಲ್ಲಿಂದಲೇ ರಿಪೇರಿ ಮಾಡಲು ಕಚೇರಿಗಳು ದಿನವೂ ಬಳಸುವ ಸಾಧನಗಳು. ಅದಕ್ಕೇ ಪ್ಲೇ ಸ್ಟೋರ್‌ನಲ್ಲಿ ಸಿಗುತ್ತವೆ, ಆಂಟಿವೈರಸ್ ಕೂಗುವುದಿಲ್ಲ. ಎನಿಡೆಸ್ಕ್ ಹಾಕಿದಾಗ 9 ಅಥವಾ 10 ಅಂಕಿಯ ಸಂಖ್ಯೆಯೊಂದು ಕಾಣುತ್ತದೆ. ಅದನ್ನು ಓದಿ ಹೇಳಿ ಎನ್ನುತ್ತಾನೆ ಆ ಕಡೆಯವನು. ಹೇಳಿದ ಕೂಡಲೇ ಅನುಮತಿ ಕೇಳುವ ಪೆಟ್ಟಿಗೆ ಬರುತ್ತದೆ. ಪರದೆಯಲ್ಲಿ ಕಾಣುವ ಪಾಸ್‌ವರ್ಡ್, ಪಾವತಿ ವಿವರ, ಮೆಸೇಜು ಎಲ್ಲವೂ ಈ ಆ್ಯಪ್‌ಗೆ ಸಿಗುತ್ತದೆ ಎಂದು ಆಂಡ್ರಾಯ್ಡ್ ಅಲ್ಲೇ ಎಚ್ಚರಿಸುತ್ತದೆ. ‘ಅಲೋ ಒತ್ತಿ ಸರ್, ಒತ್ತಿದ್ರಾ?’ ಎಂಬ ಅವಸರದಲ್ಲಿ ಅದನ್ನು ಓದುವವರು ಯಾರು? ರಿಸರ್ವ್ ಬ್ಯಾಂಕ್ ಈ ತಂತ್ರದ ಬಗ್ಗೆ ಎನಿಡೆಸ್ಕ್ ಹೆಸರು ಹೇಳಿಯೇ ಬ್ಯಾಂಕುಗಳನ್ನು ಎಚ್ಚರಿಸಿದ್ದು 2019ರ ಫೆಬ್ರವರಿಯಲ್ಲಿ. ಇಂದು ಬೇರೆ ಆ್ಯಪ್ ಹಾಕಿಸುವ ಕಷ್ಟವೂ ಇಲ್ಲ. 2023ರಿಂದ ವಾಟ್ಸ್‌ಆ್ಯಪ್ ವಿಡಿಯೊ ಕರೆಯಲ್ಲೇ ಪರದೆ ಹಂಚುವ ಗುಂಡಿ ಇದೆ.

ಪರದೆಯೇ ಏಕೆ ಬೇಕು? ಯುಪಿಐ ಖಾತೆ ನಮ್ಮ ಸಿಮ್ ಮತ್ತು ನಮ್ಮ ಫೋನು ಎರಡಕ್ಕೂ ಕಟ್ಟಿಕೊಂಡಿರುತ್ತದೆ. ವಂಚಕ ತನ್ನ ಫೋನಿನಲ್ಲಿ ನಮ್ಮ ಖಾತೆ ತೆರೆಯಬೇಕಾದರೆ ನಮ್ಮ ಸಿಮ್‌ನಿಂದ ಒಂದು ಎಸ್‌ಎಂಎಸ್ ಹೋಗಬೇಕು. ಹೊಸ ಫೋನಿನಲ್ಲಿ ನೋಂದಾಯಿಸಿದರೂ ಮೊದಲ 24 ಗಂಟೆ ಸಣ್ಣ ಮೊತ್ತಕ್ಕೆ ಮಿತಿ ಇರುತ್ತದೆ. ಆದ್ದರಿಂದ ಅವನಿಗೆ ಸುಲಭವಾದದ್ದು, ಬ್ಯಾಂಕು ಈಗಾಗಲೇ ನಂಬಿರುವ ನಮ್ಮ ಫೋನಿನಿಂದಲೇ, ನಮ್ಮ ಕೈಯಿಂದಲೇ ಹಣ ಕಳಿಸಿಸುವುದು. ಅದಕ್ಕೆ ಅವನು ನಮ್ಮ ಪಕ್ಕದಲ್ಲಿ ಕೂತಂತೆ ಪರದೆ ಕಾಣಬೇಕು.

ಮುಂದಿನ ಹೆಜ್ಜೆ ನೋಡಿ. ‘ಸರ್, ರಿಫಂಡ್ ಬಂದಿದೆಯೇ ನೋಡಲು ಬ್ಯಾಲೆನ್ಸ್ ಚೆಕ್ ಮಾಡಿ.’ ಚಾಲಕ ಪಿನ್ ಒತ್ತುತ್ತಾನೆ. ಪಿನ್ ಹಾಕುವ ಪುಟವನ್ನು ಪಾವತಿ ಆ್ಯಪ್‌ಗಳು ಸಾಮಾನ್ಯವಾಗಿ ರಕ್ಷಿಸಿರುತ್ತವೆ, ಹಂಚಿದ ಪರದೆಯಲ್ಲಿ ಅದು ಕಪ್ಪಾಗಿ ಕಾಣುತ್ತದೆ. ವಂಚಕನಿಗೆ ಅದರಿಂದ ನಷ್ಟವಿಲ್ಲ. ಅವನಿಗೆ ಬೇಕಾದ ಅಂಕಿ ಚಾಲಕನ ಬಾಯಿಂದಲೋ ಪರದೆಯಿಂದಲೋ ಸಿಕ್ಕಿತು: ಖಾತೆಯಲ್ಲಿ 61,340 ರೂಪಾಯಿ ಇದೆ. ‘ಇನ್ನೂ ಬಂದಿಲ್ಲ ಸರ್, ಕೈಯಾರೆ ಮಾಡಬೇಕು. ನಾನು ಕೊಡುವ ಐಡಿ ಹಾಕಿ, ಕೆಳಗಿನ ಖಾನೆಯಲ್ಲಿ ರಿಫಂಡ್ ಕೋಡ್ 49850 ಟೈಪ್ ಮಾಡಿ, ಆಮೇಲೆ ಪಿನ್.’ ಆ ಖಾನೆ ಮೊತ್ತದ ಖಾನೆ. ಆ ‘ಕೋಡ್’ 49,850 ರೂಪಾಯಿ. ಐಡಿಯಲ್ಲಿ ‘ರಿಫಂಡ್’ ಎಂಬ ಪದವೂ ಇರಬಹುದು, ಅದನ್ನು ಯಾರು ಬೇಕಾದರೂ ಇಟ್ಟುಕೊಳ್ಳಬಹುದು.

ಹಣ ಹೋಯಿತು. ಚಾಲಕ ಗಾಬರಿಯಾದ. ಆ ಕಡೆಯವನಿಗೆ ಈ ಗಾಬರಿಯೂ ಉಪಯೋಗದ್ದೇ. ‘ಕೋಡ್ ತಪ್ಪು ಒತ್ತಿದಿರಿ ಸರ್, ಹೆದರಬೇಡಿ, ಈಗಲೇ ರಿವರ್ಸ್ ಮಾಡೋಣ. ಕರೆ ಮಾತ್ರ ಕಟ್ ಮಾಡಬೇಡಿ. 11400 ಹಾಕಿ.’ ಹೋದದ್ದನ್ನು ಹಿಡಿಯುವ ಆಸೆಯಲ್ಲಿ ಅದನ್ನೂ ಹಾಕಿದರೆ ಖಾತೆಯಲ್ಲಿ ಉಳಿಯುವುದು 90 ರೂಪಾಯಿ. ಕರೆ ಕಟ್ ಮಾಡಬೇಡಿ ಎಂಬ ಒತ್ತಾಯಕ್ಕೆ ಕಾರಣವಿದೆ. ಬ್ಯಾಂಕಿನ ಮೆಸೇಜು ಓದಲು, ಪಕ್ಕದವರನ್ನು ಕೇಳಲು ಬಿಡುವು ಸಿಗಬಾರದು.

ಇದೇ ವಿದ್ಯೆಗೆ ಇನ್ನೊಂದು ಮುಖವಿದೆ. ಡೆಬಿಟ್ ಕಾರ್ಡಿನ ಕೊನೆಯ 6 ಅಂಕಿ, ಅವಧಿ ಮುಗಿಯುವ ತಿಂಗಳು ಮತ್ತು ವರ್ಷ, ಒಂದು ಒಟಿಪಿ. ಯುಪಿಐ ಪಿನ್ ಹೊಸದಾಗಿ ಇಡಲು ಬೇಕಾದದ್ದು ಸಾಮಾನ್ಯವಾಗಿ ಇಷ್ಟೇ. ‘ಪೂರ್ತಿ ಕಾರ್ಡ್ ನಂಬರ್ ಬೇಡ ಸರ್, ಕೊನೆಯ ಆರು ಸಾಕು’ ಎಂದು ಕೇಳುವವನು ಸಭ್ಯನಂತೆ ಕಾಣುತ್ತಾನೆ. ಅವನು ಕೇಳುತ್ತಿರುವುದು ಬೀಗದ ಕೈಯನ್ನೇ. ಒಟಿಪಿಯನ್ನು ಬಾಯಿಬಿಟ್ಟು ಹೇಳಬೇಕಾಗಿಯೂ ಇಲ್ಲ, ಹಂಚಿದ ಪರದೆಯ ಮೇಲ್ಗಡೆ ಮೆಸೇಜು ಇಣುಕಿದಾಗ ಅವನೇ ಓದಿಕೊಳ್ಳುತ್ತಾನೆ. ಆಂಡ್ರಾಯ್ಡ್ 15ರಿಂದ ಈಚೆಗೆ ಪರದೆ ಹಂಚುವಾಗ ಇಂಥ ಒಟಿಪಿಗಳನ್ನು ಮರೆಮಾಡುವ ಏರ್ಪಾಡು ಬಂದಿದೆ. ನಮ್ಮ ಕಡೆ ಬಹಳ ಜನರ ಕೈಯಲ್ಲಿರುವುದು ಅದಕ್ಕಿಂತ ಹಳೆಯ ಫೋನು.

ಹಾಗಾದರೆ ನಿಜವಾದ ನಂಬರ್ ಎಲ್ಲಿ ಸಿಗುತ್ತದೆ? ಹಣ ಯಾವ ದಾರಿಯಲ್ಲಿ ಹೋಯಿತೋ ಅದೇ ದಾರಿಯಲ್ಲಿ ಹುಡುಕಬೇಕು. ಪಾವತಿ ಆ್ಯಪ್‌ನ ಇತಿಹಾಸದಲ್ಲಿ ಆ ವ್ಯವಹಾರವನ್ನು ಒತ್ತಿದರೆ ದೂರು ದಾಖಲಿಸುವ ಗುಂಡಿ ಅಲ್ಲೇ ಇರುತ್ತದೆ. ಬ್ಯಾಂಕಿನ ನಂಬರ್ ಡೆಬಿಟ್ ಕಾರ್ಡಿನ ಹಿಂಬದಿಯಲ್ಲಿ, ಪಾಸ್‌ಬುಕ್ಕಿನಲ್ಲಿ ಅಚ್ಚಾಗಿರುತ್ತದೆ. ಜಾಲತಾಣಕ್ಕೇ ಹೋಗಬೇಕೆಂದರೆ ಈಗ ಒಂದು ಗುರುತು ಸಿಕ್ಕಿದೆ. ಬ್ಯಾಂಕುಗಳು ತಮ್ಮ ವಿಳಾಸವನ್ನು 2025ರ ಅಕ್ಟೋಬರ್ 31ರೊಳಗೆ .bank.in ಎಂದು ಕೊನೆಯಾಗುವಂತೆ ಬದಲಿಸಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿತ್ತು. ಸ್ಟೇಟ್ ಬ್ಯಾಂಕಿನದು sbi.bank.in. ಈ ಬಾಲ ಬ್ಯಾಂಕುಗಳಿಗಷ್ಟೇ ಸಿಗುತ್ತದೆ. ವಿಳಾಸವನ್ನು ಹುಡುಕದೆ ನಾವೇ ಬ್ರೌಸರಿನ ಮೇಲಿನ ವಿಳಾಸ ಪಟ್ಟಿಯಲ್ಲಿ ಟೈಪ್ ಮಾಡಬೇಕು ಎಂಬುದನ್ನು ಮರೆಯಬಾರದು. ಜಾಹೀರಾತಿನ ಲಿಂಕು ಅಸಲಿ ಜಾಲತಾಣವನ್ನೇ ತೆರೆದು, ಅದರ ಹುಡುಕು ಪೆಟ್ಟಿಗೆಯಲ್ಲಿ ನಕಲಿ ನಂಬರ್ ಮೂಡಿಸುವ ಉಪಾಯವೂ 2025ರಲ್ಲಿ ಹೊರದೇಶಗಳಲ್ಲಿ ಬೆಳಕಿಗೆ ಬಂದಿದೆ. ಬ್ಯಾಂಕುಗಳು ತಮ್ಮ ಖಚಿತ ಸಹಾಯವಾಣಿ ಸಂಖ್ಯೆಗಳನ್ನು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ ಪ್ರಕಟಿಸಲು ಒದಗಿಸಬೇಕೆಂದು 2025ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಸೂಚಿಸಿದೆ. ಅನುಮಾನ ಬಂದರೆ ಅಲ್ಲಿ ತಾಳೆ ನೋಡಬಹುದು.

ಹಣ ಹೋಗಿಬಿಟ್ಟಿದ್ದರೆ ಮೊದಲು ಫೋನಿನ ಇಂಟರ್‌ನೆಟ್ ಆಫ್ ಮಾಡಬೇಕು. ಪರದೆ ಹಂಚಿಕೆ ಆ ಕ್ಷಣವೇ ಕಡಿದುಹೋಗುತ್ತದೆ. ಆಮೇಲೆ 1930. ಈ ಅಂಕಣದಲ್ಲಿ ನಾನು ಕೊಡುವ ಒಂದೇ ಫೋನ್ ನಂಬರ್ ಅದು. ಮದ್ದೂರಿನಿಂದ ಚಾಮರಾಜನಗರದ ಸೈಬರ್ ಠಾಣೆಗೆ, ಅಂದರೆ ಸಿಇಎನ್ ಠಾಣೆಗೆ, ಬೆಳಿಗ್ಗೆ ಬಸ್ಸು ಹತ್ತಿ ಹೋಗೋಣ ಎಂದು ಕಾಯುವ ಹೊತ್ತಿಗೆ ಹಣ ಬಾಡಿಗೆ ಖಾತೆಗಳನ್ನು ದಾಟಿ ಎಲ್ಲೋ ಎಟಿಎಂನಿಂದ ಹೊರಬಿದ್ದಿರುತ್ತದೆ. 1930ಕ್ಕೆ ಕರೆ ಮಾಡಿ ಮೊತ್ತ, ಸಮಯ, ಬ್ಯಾಂಕಿನ ಹೆಸರು ಮತ್ತು ಮೆಸೇಜಿನಲ್ಲಿರುವ 12 ಅಂಕಿಯ ಯುಪಿಐ ಉಲ್ಲೇಖ ಸಂಖ್ಯೆ ಕೊಟ್ಟರೆ, ಹಣ ಸೇರಿದ ಬ್ಯಾಂಕಿಗೆ ಸೂಚನೆ ಹೋಗಿ, ಖಾತೆಯಲ್ಲಿ ಇನ್ನೂ ಉಳಿದಿರುವಷ್ಟನ್ನು ತಡೆಹಿಡಿಯಲಾಗುತ್ತದೆ. ಉಳಿದಿರುವಷ್ಟನ್ನು ಮಾತ್ರ. ಹೊರಗೆ ತೆಗೆದುಕೊಂಡದ್ದನ್ನು ಈ ವ್ಯವಸ್ಥೆ ಹಿಂದಕ್ಕೆ ತರಲಾರದು. cybercrime.gov.in ಜಾಲತಾಣದಲ್ಲೂ ದೂರು ಕೊಡಬಹುದು, ಠಾಣೆಯ ಕೆಲಸ ಆಮೇಲೆ.

ಜೊತೆಗೆ ಬ್ಯಾಂಕಿಗೂ ಅದೇ ಹೊತ್ತಿನಲ್ಲಿ ದೂರು ಹೋಗಬೇಕು, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಬೇಕು. ಇದರ ಹಿಂದೆ 2017ರ ಜುಲೈ 6ರ ರಿಸರ್ವ್ ಬ್ಯಾಂಕ್ ಸುತ್ತೋಲೆ ಇದೆ. ಗ್ರಾಹಕನ ತಪ್ಪಿಲ್ಲದೆ ಮೂರನೆಯವರಿಂದ ಆದ ವಂಚನೆಯನ್ನು 3 ಕೆಲಸದ ದಿನಗಳೊಳಗೆ ತಿಳಿಸಿದರೆ ಅವನಿಗೆ ನಷ್ಟವಿಲ್ಲ. ಆದರೆ ಅವನೇ ಪಿನ್ನೋ ಒಟಿಪಿಯೋ ಕೊಟ್ಟಿದ್ದರೆ, ದೂರು ಕೊಡುವವರೆಗಿನ ನಷ್ಟ ಪೂರ್ತಿ ಅವನದೇ. ದೂರು ಕೊಟ್ಟ ನಂತರ ಹೋದ ಹಣದ ಹೊಣೆ ಬ್ಯಾಂಕಿನದು. ಪರದೆ ಹಂಚಿ ಕಳೆದುಕೊಂಡದ್ದನ್ನು ಬ್ಯಾಂಕುಗಳು ಗ್ರಾಹಕನ ಅಜಾಗರೂಕತೆಯ ಲೆಕ್ಕಕ್ಕೆ ಹಾಕುವುದೇ ಹೆಚ್ಚು. ನನಗೆ ಇದು ನ್ಯಾಯವಾಗಿ ಕಾಣುವುದಿಲ್ಲ. ನಕಲಿ ನಂಬರನ್ನು ಹಣ ಪಡೆದು ಮೇಲೆ ತೋರಿಸಿದ ಹುಡುಕಾಟ ಕಂಪನಿಗೆ ಆ ನಷ್ಟದಲ್ಲಿ ಪಾಲಿಲ್ಲ, ಬಾಡಿಗೆ ಖಾತೆಯನ್ನು ಕಣ್ಣುಮುಚ್ಚಿ ತೆರೆದುಕೊಟ್ಟ ಬ್ಯಾಂಕ್ ಶಾಖೆಗೂ ಇಲ್ಲ. ಡೀಸೆಲ್‌ಗೆ ಎರಡು ಸಲ ಹಣ ತೆತ್ತ ಚಾಲಕನೊಬ್ಬನೇ ಹೊಣೆಗಾರನಾಗುತ್ತಾನೆ. ಅದು ಬದಲಾಗುವವರೆಗೆ ದೂರು ಎಷ್ಟು ಗಂಟೆಗೆ ದಾಖಲಾಯಿತು ಎಂಬುದರ ಮೇಲೇ ಎಲ್ಲವೂ ನಿಂತಿದೆ.

ನಿಮ್ಮ ಮನೆಯಲ್ಲಿ ಯುಪಿಐ ಬಳಸುವವರೆಲ್ಲರ ಫೋನನ್ನು ಇವತ್ತೇ ಒಮ್ಮೆ ತೆಗೆದು ನೋಡಿ. ಎನಿಡೆಸ್ಕ್, ಕ್ವಿಕ್‌ಸಪೋರ್ಟ್‌ನಂಥ ಆ್ಯಪ್ ಇದ್ದು, ಏಕೆ ಹಾಕಿದ್ದೆಂದು ಅವರಿಗೇ ನೆನಪಿಲ್ಲದಿದ್ದರೆ ತೆಗೆದುಹಾಕಿ. ಕಾರ್ಡಿನ ಹಿಂಬದಿಯ ನಂಬರನ್ನು ಬ್ಯಾಂಕಿನ ಹೆಸರಿನಲ್ಲಿ, 1930ನ್ನು ಸೈಬರ್ ಪೊಲೀಸ್ ಎಂಬ ಹೆಸರಿನಲ್ಲಿ ಉಳಿಸಿಕೊಡಿ. ಅಂಗಡಿ ಇಟ್ಟುಕೊಂಡವರಾದರೆ ಕ್ಯೂಆರ್ ಚೀಟಿಯ ಪಕ್ಕದಲ್ಲಿ ಕನ್ನಡದಲ್ಲಿ ಒಂದು ಸಾಲು ಬರೆದು ಅಂಟಿಸಿ: ಹಣ ಹೋಗಿ ನಮಗೆ ತಲುಪದಿದ್ದರೆ 5 ದಿನದೊಳಗೆ ನಿಮ್ಮ ಖಾತೆಗೇ ವಾಪಸ್ ಬರುತ್ತದೆ, ಯಾರಿಗೂ ಫೋನ್ ಮಾಡಬೇಡಿ.